ರೂಪಾಯಿ ಕೈ ಬದಲಾಗದ ರೂಪಾಯಿ ಒಪ್ಪಂದ

ಫಾರ್ವರ್ಡ್ ಒಪ್ಪಂದದ ಪರಿಚಯ ನಿಮ್ಮಲ್ಲಿ ಹೆಚ್ಚಿನವರಿಗೆ ಇದೆ. ಮೂರು ತಿಂಗಳ ನಂತರ ಒಂದು ಕೋಟಿ ಡಾಲರ್ ಬೇಕಾಗುವ ಸಂಸ್ಥೆಯೊಂದು ಇಂದೇ ಬ್ಯಾಂಕಿನೊಂದಿಗೆ ದರ ಗೊತ್ತುಮಾಡಿಕೊಳ್ಳುತ್ತದೆ. ಗೊತ್ತಾದ ದಿನ ಬಂದಾಗ ರೂಪಾಯಿ ಕೊಟ್ಟು ಡಾಲರ್ ಪಡೆಯುತ್ತದೆ. ಇಲ್ಲಿ ಎರಡು ಹಣಗಳೂ ನಿಜವಾಗಿ ಕೈ ಬದಲಾಗುತ್ತವೆ. ಹಾಗೆ ಆಗಬೇಕಾದರೆ ಎರಡೂ ಪಕ್ಷಗಳಿಗೆ ಎರಡೂ ಕರೆನ್ಸಿಗಳಲ್ಲಿ ಖಾತೆ ಇರಬೇಕು, ಮತ್ತು ಆ ಖಾತೆಗಳಿಗೆ ಹಣ ಹಾಕಲು, ಅಲ್ಲಿಂದ ತೆಗೆಯಲು ಕಾನೂನಿನ ಅಡ್ಡಿ ಇರಬಾರದು. ಭಾರತದ ರೂಪಾಯಿ, ದಕ್ಷಿಣ ಕೊರಿಯಾದ ವಾನ್, ತೈವಾನಿನ ಡಾಲರ್, ಬ್ರೆಜಿಲ್‌ನ ರಿಯಾಲ್, ಇಂಡೋನೇಷ್ಯಾದ ರುಪಯಾ ಮುಂತಾದ ಕರೆನ್ಸಿಗಳ ವಿಷಯದಲ್ಲಿ ತೊಡಕು ಬರುವುದು ಇಲ್ಲೇ. ಲಂಡನ್ನಿನ ಬ್ಯಾಂಕೊಂದು ಸಿಂಗಪುರದ ಬ್ಯಾಂಕಿಗೆ ಡಾಲರನ್ನು ಎಷ್ಟು ಬೇಕಾದರೂ ಕಳಿಸಬಹುದು. ರೂಪಾಯಿಯನ್ನು ಅಷ್ಟೇ ಸಲೀಸಾಗಿ ಕಳಿಸಲಾರದು. ಆದರೆ ರೂಪಾಯಿಯ ಬೆಲೆ ಏರಿಳಿದರೆ ಲಾಭನಷ್ಟ ಕಾಣುವವರು ಲಂಡನ್ನಿನಲ್ಲೂ ಸಿಂಗಪುರದಲ್ಲೂ ಬೇಕಾದಷ್ಟು ಮಂದಿ ಇದ್ದಾರೆ.

ಇದಕ್ಕೆ ಮಾರುಕಟ್ಟೆ ಕಂಡುಕೊಂಡ ದಾರಿಯೇ ನಾನ್-ಡೆಲಿವರಬಲ್ ಫಾರ್ವರ್ಡ್, ವ್ಯವಹಾರದ ಮಾತಿನಲ್ಲಿ ಎನ್‌ಡಿಎಫ್. 1990ರ ದಶಕದಲ್ಲಿ ಬಲವಾಗಿ ಬೆಳೆದ ಈ ವ್ಯವಸ್ಥೆಯ ತರ್ಕ ಸರಳವಾದದ್ದು. ಫಾರ್ವರ್ಡ್ ಒಪ್ಪಂದದಿಂದ ಜನರಿಗೆ ಬೇಕಾಗಿರುವುದು ಬಹುಪಾಲು ಸಂದರ್ಭಗಳಲ್ಲಿ ದರದ ರಕ್ಷಣೆ. ಅಂದರೆ ಗೊತ್ತುಮಾಡಿಕೊಂಡ ದರಕ್ಕೂ ಆ ದಿನದ ಮಾರುಕಟ್ಟೆ ದರಕ್ಕೂ ಇರುವ ವ್ಯತ್ಯಾಸ. ಆ ವ್ಯತ್ಯಾಸವನ್ನಷ್ಟೇ ಲೆಕ್ಕ ಹಾಕಿ, ಅದನ್ನು ಡಾಲರಿಗೆ ಪರಿವರ್ತಿಸಿ, ಒಬ್ಬರು ಇನ್ನೊಬ್ಬರಿಗೆ ಕೊಟ್ಟುಬಿಟ್ಟರೆ ರೂಪಾಯಿ ಎಲ್ಲಿಂದ ಎಲ್ಲಿಗೂ ಹೋಗಬೇಕಾಗಿಲ್ಲ. ಒಪ್ಪಂದದಲ್ಲಿ ರೂಪಾಯಿ ಅಳತೆಗೋಲಾಗಿ ಉಳಿಯುತ್ತದೆ, ಹಣವಾಗಿ ಉಳಿಯುವುದಿಲ್ಲ.

ಒಪ್ಪಂದದ ಹಾಳೆಯಲ್ಲಿ ಏನೇನು ಇರುತ್ತದೆ ಎಂದು ನೋಡೋಣ. ನೋಷನಲ್ ಮೊತ್ತ ಇರುತ್ತದೆ. ಇದು ಲೆಕ್ಕಕ್ಕಾಗಿ ಬರೆದ ಮೊತ್ತ, ಯಾರೂ ಇದನ್ನು ಪಾವತಿಸುವುದಿಲ್ಲ. ಗೊತ್ತುಮಾಡಿಕೊಂಡ ಫಾರ್ವರ್ಡ್ ದರ ಇರುತ್ತದೆ. ಡಾಲರ್ ಕೊಳ್ಳುವವರು ಯಾರು, ಮಾರುವವರು ಯಾರು ಎಂಬುದು ಇರುತ್ತದೆ. ಇಷ್ಟು ಯಾವ ಫಾರ್ವರ್ಡ್ ಒಪ್ಪಂದದಲ್ಲಿಯೂ ಇರುವಂಥದ್ದು. ಎನ್‌ಡಿಎಫ್‌ನಲ್ಲಿ ಹೆಚ್ಚುವರಿಯಾಗಿ ಬರುವುದು ಫಿಕ್ಸಿಂಗ್ ದಿನಾಂಕ ಮತ್ತು ಫಿಕ್ಸಿಂಗ್ ದರದ ಮೂಲ. ಆ ದಿನದ ಮಾರುಕಟ್ಟೆ ದರ ಎಂದರೆ ಯಾರು, ಯಾವಾಗ, ಹೇಗೆ ಪ್ರಕಟಿಸಿದ ದರ ಎಂಬುದನ್ನು ಒಪ್ಪಂದ ಮಾಡಿಕೊಳ್ಳುವಾಗಲೇ ಹೆಸರಿಸಿ ಬರೆದಿರಬೇಕು. ರೂಪಾಯಿಯ ಎನ್‌ಡಿಎಫ್‌ನಲ್ಲಿ ಫಿಕ್ಸಿಂಗ್ ದಿನ ಸಂದಾಯದ ದಿನಕ್ಕಿಂತ ಎರಡು ವ್ಯವಹಾರ ದಿನ ಮೊದಲು ಬರುತ್ತದೆ. ಈ ಎರಡು ದಿನಗಳ ಅಂತರ ಏಕೆ ಎಂಬ ಪ್ರಶ್ನೆಯನ್ನು ನೆನಪಿನಲ್ಲಿಡಿ, ಮುಂದೆ ಅದಕ್ಕೆ ಬರುತ್ತೇನೆ.

ಈಗ ಒಂದು ಲೆಕ್ಕವನ್ನು ಪೂರ್ತಿಯಾಗಿ ಮಾಡಿ ನೋಡೋಣ. ಅಂಕಿಗಳು ನಾನು ಉದಾಹರಣೆಗೆಂದು ಆರಿಸಿಕೊಂಡವು. ವಿದೇಶಿ ಹೂಡಿಕೆ ನಿಧಿಯೊಂದರ ಬಳಿ ಭಾರತ ಸರ್ಕಾರದ ಬಾಂಡ್ ಇದೆ. ಮೂರು ತಿಂಗಳಲ್ಲಿ ಅದರಿಂದ 84 ಕೋಟಿ ರೂಪಾಯಿ ಬರಲಿದೆ. ತೆರಿಗೆಯನ್ನು ಸದ್ಯಕ್ಕೆ ಬದಿಗಿಡೋಣ. ರೂಪಾಯಿ ಕುಸಿದರೆ ನಿಧಿಗೆ ಸಿಗುವ ಡಾಲರ್ ಕಡಿಮೆಯಾಗುತ್ತದೆ. ಭಾರತದೊಳಗಿನ ಮಾರುಕಟ್ಟೆಯಲ್ಲೇ ಫಾರ್ವರ್ಡ್ ಮಾಡಿಕೊಳ್ಳಲು ಇಂಥ ನಿಧಿಗೆ ಅವಕಾಶವಿದೆ, ಆದರೆ ಅದರ ಕಾಗದಪತ್ರ ಮತ್ತು ವ್ಯವಹಾರದ ಸಮಯ ಹೊಂದದೆ ಹೊರಗಡೆಯೇ ಎನ್‌ಡಿಎಫ್ ಮಾಡಿಕೊಳ್ಳುವವರು ಅನೇಕರು. ನಮ್ಮ ನಿಧಿಯೂ ಹಾಗೆಯೇ ಡಾಲರಿಗೆ 84.00 ರೂಪಾಯಿಯಂತೆ ಒಂದು ಕೋಟಿ ಡಾಲರ್ ಕೊಳ್ಳುವ ಮೂರು ತಿಂಗಳ ಎನ್‌ಡಿಎಫ್ ಮಾಡಿಕೊಂಡಿತು ಎನ್ನಿ.

ಫಿಕ್ಸಿಂಗ್ ದಿನ ಬಂದಿತು, ಪ್ರಕಟವಾದ ದರ 85.26. ಡಾಲರಿಗೆ 1.26 ರೂಪಾಯಿ ವ್ಯತ್ಯಾಸ, ಒಂದು ಕೋಟಿ ಡಾಲರಿಗೆ 1.26 ಕೋಟಿ ರೂಪಾಯಿ. ಇದು ನಿಧಿಗೆ ಬರಬೇಕಾದ ಲಾಭ, ಆದರೆ ಇದನ್ನು ರೂಪಾಯಿಯಲ್ಲಿ ಕೊಡುವಂತಿಲ್ಲ. ಆದ್ದರಿಂದ ಇದನ್ನು ಅದೇ 85.26ರಿಂದ ಭಾಗಿಸಿ ಡಾಲರಿಗೆ ತಿರುಗಿಸುತ್ತಾರೆ: 1,47,783.25 ಡಾಲರ್. ಎರಡು ವ್ಯವಹಾರ ದಿನಗಳ ನಂತರ ಎದುರು ಪಕ್ಷದ ಬ್ಯಾಂಕು ಇಷ್ಟು ಡಾಲರನ್ನು ನಿಧಿಯ ಖಾತೆಗೆ ಹಾಕುತ್ತದೆ, ಒಪ್ಪಂದ ಮುಗಿಯುತ್ತದೆ. ಸೂತ್ರವಾಗಿ ಬರೆದರೆ ಹೀಗೆ:

```
USD = N × (S − F) / S
```

ಇಲ್ಲಿ N ಎಂದರೆ ಡಾಲರಿನಲ್ಲಿರುವ ನೋಷನಲ್ ಮೊತ್ತ, F ಎಂದರೆ ಗೊತ್ತುಮಾಡಿಕೊಂಡ ದರ, S ಎಂದರೆ ಫಿಕ್ಸಿಂಗ್ ದರ. ಉತ್ತರ ಧನವಾಗಿದ್ದರೆ ಡಾಲರ್ ಕೊಂಡವರಿಗೆ ಬರುತ್ತದೆ, ಋಣವಾಗಿದ್ದರೆ ಅವರೇ ಕೊಡಬೇಕು.

ಕೆಳಗೆ ಭಾಗಿಸುವುದು S ಏಕೆ, F ಏಕೆ ಅಲ್ಲ ಎಂದು ಹೊಸಬರು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ ಇದು, ಏಕೆಂದರೆ ಸಂದಾಯದ ಹಾಳೆಗಳಲ್ಲಿ ಕಾಣುವ ತಪ್ಪುಗಳಲ್ಲಿ ಇದೂ ಒಂದು. 84ರಿಂದ ಭಾಗಿಸಿದರೆ ಸರಿಯಾಗಿ 1,50,000 ಡಾಲರ್ ಬರುತ್ತದೆ, ಸುಮಾರು 2,217 ಡಾಲರ್ ಹೆಚ್ಚು. ಯಾವುದು ಸರಿ ಎಂದು ತಿಳಿಯಲು ನಿಧಿಯ ಇನ್ನೊಂದು ಕೈಯನ್ನು ನೋಡಬೇಕು. ಅದೇ ದಿನ ಅದು ತನ್ನ ಬಾಂಡಿನ 84 ಕೋಟಿ ರೂಪಾಯಿಯನ್ನು 85.26ರ ದರದಲ್ಲಿ ಡಾಲರಿಗೆ ಪರಿವರ್ತಿಸಿದರೆ 98,52,216.75 ಡಾಲರ್ ಸಿಗುತ್ತದೆ. ಇದಕ್ಕೆ ಎನ್‌ಡಿಎಫ್‌ನಿಂದ ಬಂದ 1,47,783.25 ಡಾಲರನ್ನು ಕೂಡಿಸಿ. ಒಂದು ಸೆಂಟೂ ಹೆಚ್ಚುಕಡಿಮೆಯಿಲ್ಲದೆ ಒಂದು ಕೋಟಿ ಡಾಲರ್. ಮೂರು ತಿಂಗಳ ಹಿಂದೆ ನಿಧಿಗೆ ಬೇಕಾಗಿದ್ದುದು ಇದೇ: 84 ಕೋಟಿ ರೂಪಾಯಿಗೆ ಒಂದು ಕೋಟಿ ಡಾಲರ್. S ನಿಂದ ಭಾಗಿಸಿದಾಗ ಮಾತ್ರ ಈ ಕೂಡಿಕೆ ಸರಿಹೋಗುತ್ತದೆ.

ರೂಪಾಯಿ ಬಲವಾದರೆ ಏನಾಗುತ್ತದೆ ಎಂಬುದನ್ನೂ ನೋಡಿ. ಫಿಕ್ಸಿಂಗ್ ದರ ಅಷ್ಟೇ ಅಂತರದಲ್ಲಿ ಕೆಳಗಿಳಿದು 82.74 ಎಂದು ಬಂದರೆ ವ್ಯತ್ಯಾಸ ಮತ್ತೆ 1.26 ಕೋಟಿ ರೂಪಾಯಿಯೇ, ಆದರೆ ಈ ಸಲ ನಿಧಿ ಕೊಡಬೇಕು. 82.74ರಿಂದ ಭಾಗಿಸಿದರೆ 1,52,284.26 ಡಾಲರ್. ದರ ಮೇಲಕ್ಕೆ ಹೋದಾಗ ಬಂದದ್ದು ಒಂದು ಲಕ್ಷ ನಲವತ್ತೇಳು ಸಾವಿರ ಚಿಲ್ಲರೆ, ಅಷ್ಟೇ ಕೆಳಕ್ಕೆ ಬಂದಾಗ ಹೋಗುವುದು ಒಂದು ಲಕ್ಷ ಐವತ್ತೆರಡು ಸಾವಿರ ಚಿಲ್ಲರೆ. ರೂಪಾಯಿ ಕೈಯಲ್ಲಿರುವವರಿಗೆ ಈ ಅಸಮತೆಯಿಂದ ತೊಂದರೆಯಿಲ್ಲ, ಅವರ 84 ಕೋಟಿಗೆ ಆಗ 1,01,52,284.26 ಡಾಲರ್ ಸಿಕ್ಕಿರುತ್ತದೆ, ಕಳೆದರೆ ಮತ್ತೆ ಒಂದು ಕೋಟಿ. ರೂಪಾಯಿ ಇಲ್ಲದೆ ಕೇವಲ ದರದ ಮೇಲೆ ಪಂಥ ಕಟ್ಟಿದವರಿಗೆ ಮಾತ್ರ ಅದು ನೇರವಾಗಿ ತಟ್ಟುತ್ತದೆ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಒಂದು ಕೋಟಿ ಡಾಲರಿನ ಒಪ್ಪಂದದಲ್ಲಿ ನಿಜವಾಗಿ ಸಂದಾಯವಾದದ್ದು ಅದರ ಶೇಕಡಾ ಒಂದೂವರೆಯಷ್ಟು. 1974ರ ಜೂನ್‌ನಲ್ಲಿ ಜರ್ಮನಿಯ ಹೆರ್ಶ್ಟಾಟ್ ಬ್ಯಾಂಕನ್ನು ಮುಚ್ಚಿಸಿದಾಗ, ಅದಕ್ಕೆ ಜರ್ಮನ್ ಮಾರ್ಕ್ ಕೊಟ್ಟು ನ್ಯೂಯಾರ್ಕಿನಲ್ಲಿ ಡಾಲರಿಗಾಗಿ ಕಾಯುತ್ತಿದ್ದ ಬ್ಯಾಂಕುಗಳು ಕೊಟ್ಟ ಪೂರ್ತಿ ಮೊತ್ತಕ್ಕೇ ಅಪಾಯ ತಂದುಕೊಂಡಿದ್ದವು. ಎನ್‌ಡಿಎಫ್‌ನಲ್ಲಿ ಪೂರ್ತಿ ಮೊತ್ತವನ್ನು ಯಾರೂ ಮೊದಲು ಕೊಡುವುದೇ ಇಲ್ಲವಾದ್ದರಿಂದ ಆ ಬಗೆಯ ಅಪಾಯ ಇಲ್ಲಿಲ್ಲ. ಎದುರು ಪಕ್ಷ ಕೈಕೊಟ್ಟರೆ ಹೋಗುವುದು ವ್ಯತ್ಯಾಸದ ಹಣ. ಆದರೆ ದರ ದೊಡ್ಡದಾಗಿ ಜಿಗಿದಾಗ ಆ ವ್ಯತ್ಯಾಸವೂ ಸಣ್ಣದಾಗಿರುವುದಿಲ್ಲ, ಅದಕ್ಕಾಗಿಯೇ ಇಂಥ ಒಪ್ಪಂದಗಳಿಗೂ ಮಾರ್ಜಿನ್ ಎಂಬ ಭದ್ರತಾ ಠೇವಣಿ ಕೇಳುವುದು, ಎರಡೂ ಪಕ್ಷಗಳ ನಡುವೆ ನಿಂತು ಸಂದಾಯದ ಹೊಣೆ ಹೊರುವ ಕ್ಲಿಯರಿಂಗ್ ಸಂಸ್ಥೆಗಳ ಮೂಲಕ ಹಾಯಿಸುವುದು ರೂಢಿಗೆ ಬಂದಿದೆ.

ಇದುವರೆಗೆ ಎಲ್ಲವೂ ಸೊಗಸಾಗಿ ಹೊಂದಿಕೊಂಡಿತು. ಹೊಂದಿಕೊಂಡದ್ದಕ್ಕೆ ಕಾರಣ, ನಿಧಿ ತನ್ನ ರೂಪಾಯಿಯನ್ನು ಸರಿಯಾಗಿ ಫಿಕ್ಸಿಂಗ್ ದರದಲ್ಲಿಯೇ ಪರಿವರ್ತಿಸಿತು ಎಂದು ನಾನು ಊಹಿಸಿಕೊಂಡದ್ದು. ನಿಜದಲ್ಲಿ ಹಾಗಾಗುತ್ತದೆಯೇ? ಇದಕ್ಕೆ ಉತ್ತರಿಸಲು ಆ 85.26 ಎಂಬ ಅಂಕಿ ಎಲ್ಲಿಂದ ಬಂತು ಎಂದು ತಿಳಿಯಬೇಕು.

ರೂಪಾಯಿಯ ಎನ್‌ಡಿಎಫ್‌ಗಳು ಸಂದಾಯವಾಗುವುದು ಭಾರತದೊಳಗೆ ಪ್ರಕಟವಾಗುವ ರೆಫರೆನ್ಸ್ ದರದ ಮೇಲೆ. ಮೊದಲು ಇದನ್ನು ರಿಸರ್ವ್ ಬ್ಯಾಂಕ್ ಪ್ರಕಟಿಸುತ್ತಿತ್ತು. 2018ರಿಂದ ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ, ಅಂದರೆ ಎಫ್‌ಬಿಐಎಲ್ ಎಂಬ ಸಂಸ್ಥೆ ಪ್ರಕಟಿಸುತ್ತಿದೆ. ಬೆಳಿಗ್ಗೆ 11.30ರಿಂದ ಮಧ್ಯಾಹ್ನ 12.30ರವರೆಗಿನ ಒಂದು ಗಂಟೆಯೊಳಗೆ ಯಾವುದೋ ಒಂದು 15 ನಿಮಿಷದ ಅವಧಿಯನ್ನು ಯಾದೃಚ್ಛಿಕವಾಗಿ ಆರಿಸಿ, ಆ ಅವಧಿಯಲ್ಲಿ ಬ್ಯಾಂಕುಗಳ ನಡುವೆ ನಿಜವಾಗಿ ನಡೆದ ವ್ಯವಹಾರಗಳಿಂದ ದರವನ್ನು ಲೆಕ್ಕ ಹಾಕಿ, ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಹೊರಬಿಡುತ್ತಾರೆ. ಅವಧಿ ಯಾವುದೆಂದು ಮೊದಲೇ ಗೊತ್ತಿದ್ದರೆ ಆ ಹದಿನೈದು ನಿಮಿಷದಲ್ಲಿ ದೊಡ್ಡ ಮೊತ್ತ ಸುರಿದು ದರವನ್ನು ತಮಗೆ ಬೇಕಾದ ಕಡೆಗೆ ತಳ್ಳಲು ಯಾರಿಗಾದರೂ ಆಸೆ ಹುಟ್ಟೀತು. ಅದನ್ನು ತಡೆಯುವುದು ಈ ಆಯ್ಕೆಯ ಉದ್ದೇಶ.

ಆದರೆ ಅದೇ ಆಯ್ಕೆ ಪ್ರಾಮಾಣಿಕವಾಗಿ ಹೆಡ್ಜ್, ಅಂದರೆ ದರದ ಏರಿಳಿತಕ್ಕೆ ರಕ್ಷಣೆ ಮಾಡಿಕೊಂಡವರಿಗೂ ಒಂದು ಕಷ್ಟ ತರುತ್ತದೆ. ನಿಧಿಯ ಪರವಾಗಿ ರೂಪಾಯಿ ಮಾರುವ ಬ್ಯಾಂಕಿಗೂ ಆ 15 ನಿಮಿಷ ಯಾವುದೆಂದು ಗೊತ್ತಿಲ್ಲ. ಅದು ಒಂದು ಗಂಟೆಯುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಮಾರಬೇಕು, ಅಥವಾ ಸಣ್ಣ ಶುಲ್ಕ ಪಡೆದು ಫಿಕ್ಸಿಂಗ್ ದರವನ್ನೇ ಕೊಡುವುದಾಗಿ ಒಪ್ಪಿಕೊಂಡು ವ್ಯತ್ಯಾಸದ ಅಪಾಯವನ್ನು ತಾನು ಹೊರಬೇಕು. ಫಿಕ್ಸಿಂಗ್‌ಗೆ ಹೋಲಿಸಿ ಇಷ್ಟು ಪೈಸೆಯ ಭಾಗ ಹೆಚ್ಚು ಅಥವಾ ಕಡಿಮೆ ಎಂದು ಬ್ಯಾಂಕುಗಳು ತಮ್ಮೊಳಗೆ ದರ ಹೇಳಿಕೊಳ್ಳುವುದು ಇದೇ ಅಪಾಯದ ಬೆಲೆ. ನಮ್ಮ ನಿಧಿ ಇದನ್ನೇನೂ ಯೋಚಿಸದೆ, ಬಾಂಡಿನ ಹಣ ಸಂಜೆ ಪರಿವರ್ತನೆಯಾದರೆ ಸಾಕು ಎಂದು ಸುಮ್ಮನಿದ್ದು, ಸಂಜೆಗೆ ದರ 85.40 ಆಗಿತ್ತು ಎನ್ನಿ. 84 ಕೋಟಿ ರೂಪಾಯಿಗೆ ಸಿಗುವುದು 98,36,065.57 ಡಾಲರ್, ಎನ್‌ಡಿಎಫ್‌ನ ಹಣ ಕೂಡಿಸಿದರೂ ಒಂದು ಕೋಟಿಗೆ 16,151 ಡಾಲರಿನಷ್ಟು ಕಡಿಮೆ. ಒಪ್ಪಂದ ತಾನು ಹೇಳಿದ್ದನ್ನು ಪೂರ್ತಿಯಾಗಿ ಮಾಡಿದೆ. ನಷ್ಟ ಬಂದದ್ದು ಪ್ರಕಟವಾದ ದರಕ್ಕೂ ಕೈಗೆ ಸಿಕ್ಕ ದರಕ್ಕೂ ನಡುವಿನ ಬಿರುಕಿನಲ್ಲಿ. ಹೆಡ್ಜ್ ಸರಿಯಾಗಿತ್ತೇ ಎಂದು ಪರೀಕ್ಷಿಸುವವರು ಎನ್‌ಡಿಎಫ್‌ನ ಸಂದಾಯವನ್ನು ಮಾತ್ರ ನೋಡಿದರೆ ಇದು ಕಾಣುವುದಿಲ್ಲ. ಪರಿವರ್ತನೆಯ ಚೀಟಿಯಲ್ಲಿರುವ ದರವನ್ನು ಆ ದಿನದ ಫಿಕ್ಸಿಂಗ್ ಪಕ್ಕದಲ್ಲಿಟ್ಟು ನೋಡಬೇಕು.

ಈಗ ಆ ಎರಡು ದಿನಗಳ ಪ್ರಶ್ನೆಗೆ ಬರೋಣ. ಭಾರತದೊಳಗೆ ಇಂದು ಸ್ಪಾಟ್ ದರದಲ್ಲಿ, ಅಂದರೆ ಇಂದಿನ ಮಾರುಕಟ್ಟೆ ದರದಲ್ಲಿ ಡಾಲರ್ ಕೊಂಡರೆ ಅದು ಕೈಗೆ ಬರುವುದು ಎರಡು ವ್ಯವಹಾರ ದಿನಗಳ ನಂತರ. ಸೋಮವಾರದ ಫಿಕ್ಸಿಂಗ್‌ಗೆ ಹೊಂದಿಸಿ ಸೋಮವಾರವೇ ಸ್ಪಾಟ್‌ನಲ್ಲಿ ಡಾಲರ್ ಕೊಂಡರೆ ಆ ಡಾಲರೂ ಎನ್‌ಡಿಎಫ್‌ನ ಡಾಲರೂ ಒಟ್ಟಿಗೆ ಬುಧವಾರ ಬರುತ್ತವೆ. ಎನ್‌ಡಿಎಫ್‌ನ ಫಿಕ್ಸಿಂಗ್ ಮೊದಲೇ ಬರುವುದು ಈ ಹೊಂದಾಣಿಕೆಗಾಗಿ. ಫಿಕ್ಸಿಂಗ್ ಪ್ರಕಟವಾದ ಕ್ಷಣದಿಂದ ಸಂದಾಯದ ಮೊತ್ತ ಒಂದು ಸ್ಥಿರ ಡಾಲರ್ ಮೊತ್ತ. ಆಮೇಲೆ ರೂಪಾಯಿ ಎಲ್ಲಿಗೆ ಹೋದರೂ ಅದು ಬದಲಾಗುವುದಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಿ, 84.00 ಎಂಬ ಫಾರ್ವರ್ಡ್ ದರ ಎಲ್ಲಿಂದ ಬಂತು ಎಂದು ಕೇಳೋಣ. ಹಣ ಮುಕ್ತವಾಗಿ ಓಡಾಡುವ ಕರೆನ್ಸಿಗಳಲ್ಲಿ ಫಾರ್ವರ್ಡ್ ದರವನ್ನು ಎರಡು ಬಡ್ಡಿದರಗಳ ವ್ಯತ್ಯಾಸ ನಿರ್ಧರಿಸುತ್ತದೆ. ಸ್ಪಾಟ್ ದರ 83.40, ಮೂರು ತಿಂಗಳ ರೂಪಾಯಿ ಬಡ್ಡಿ ವರ್ಷಕ್ಕೆ ಶೇಕಡಾ 7, ಡಾಲರ್ ಬಡ್ಡಿ ಶೇಕಡಾ 5 ಎಂದಿಟ್ಟುಕೊಂಡರೆ ಮೂರು ತಿಂಗಳ ಫಾರ್ವರ್ಡ್ ಸುಮಾರು 83.81 ಆಗಬೇಕು. ಬೇರೆ ದರ ಇದ್ದರೆ ಡಾಲರ್ ಸಾಲ ತಂದು ರೂಪಾಯಿಯಲ್ಲಿಟ್ಟೋ, ಅದರ ತಿರುಗುಮುರುಗಾಗಿಯೋ ಅಪಾಯವಿಲ್ಲದೆ ಲಾಭ ಮಾಡಬಹುದು, ಹಾಗೆ ಮಾಡುವವರ ಒತ್ತಡವೇ ದರವನ್ನು ಜಾಗಕ್ಕೆ ತರುತ್ತದೆ. ರೂಪಾಯಿಯನ್ನು ಸಾಲವಾಗಿ ತರಲೂ ಇಡಲೂ ಆಗದ ಹೊರಗಿನವರಿಗೆ ಆ ದಾರಿ ಮುಚ್ಚಿದೆ. ಆದ್ದರಿಂದ ಎನ್‌ಡಿಎಫ್ ದರ ಬೇಡಿಕೆ ಮತ್ತು ಭಯಗಳ ಜೊತೆ ತೇಲುತ್ತದೆ. ನಮ್ಮ ನಿಧಿ ಕೊಟ್ಟ 84.00ರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ರೂಪಾಯಿ ಬಡ್ಡಿ ಶೇಕಡಾ 7.9ರಷ್ಟಿದೆ ಎಂದು ಹೊರಗಿನ ಮಾರುಕಟ್ಟೆ ಹೇಳಿದಂತಾಗುತ್ತದೆ. ಒಳಗಿನ ದರಕ್ಕಿಂತ 19 ಪೈಸೆ ಹೆಚ್ಚು. ಒಂದು ಕೋಟಿ ಡಾಲರಿಗೆ 19 ಲಕ್ಷ ರೂಪಾಯಿ. ಹೊರಗಡೆ ಹೆಡ್ಜ್ ಮಾಡಿಕೊಳ್ಳುವ ಅನುಕೂಲಕ್ಕೆ ನಿಧಿ ತೆತ್ತ ಬೆಲೆ ಇದು.

ಈ ಅಂತರವನ್ನು ಗಮನಿಸುವವರು ಬಹಳ ಮಂದಿ. ಅದು ಒಮ್ಮೆಲೇ ಅಗಲವಾದರೆ ಹೊರಗಿನವರು ರೂಪಾಯಿಯ ಕುಸಿತವನ್ನು ನಿರೀಕ್ಷಿಸುತ್ತಿದ್ದಾರೆ, ಅಥವಾ ರಕ್ಷಣೆಗಾಗಿ ಒಟ್ಟಾಗಿ ನುಗ್ಗುತ್ತಿದ್ದಾರೆ ಎಂದರ್ಥ. 2013ರ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ರಿಸರ್ವ್‌ನ ಅಧ್ಯಕ್ಷ ಬೆನ್ ಬರ್ನಾಂಕಿ ಬಾಂಡ್ ಖರೀದಿ ಕಡಿಮೆ ಮಾಡುವ ಮಾತೆತ್ತಿದ ಮೇಲೆ ರೂಪಾಯಿ ಜಾರತೊಡಗಿ ಆಗಸ್ಟ್ 28ರಂದು ಡಾಲರಿಗೆ 69ರ ಹತ್ತಿರಕ್ಕೆ ಬಂದಿತು. ಆ ತಿಂಗಳುಗಳಲ್ಲಿ ಹೊರಗಿನ ದರವೇ ಒಳಗಿನ ದರವನ್ನು ಎಳೆಯುತ್ತಿದೆಯೇ ಎಂಬ ಚರ್ಚೆ ಜೋರಾಗಿ ನಡೆಯಿತು. 2019ರಲ್ಲಿ ರಿಸರ್ವ್ ಬ್ಯಾಂಕ್ ನೇಮಿಸಿದ, ಉಷಾ ಥೋರಟ್ ಅವರ ಅಧ್ಯಕ್ಷತೆಯ ಕಾರ್ಯಪಡೆ ಹೊರನಾಡಿನ ರೂಪಾಯಿ ಮಾರುಕಟ್ಟೆಯನ್ನೇ ವಿಷಯವಾಗಿ ಇಟ್ಟುಕೊಂಡು ವರದಿ ಕೊಟ್ಟಿತು. 2020ರ ಜೂನ್ 1ರಿಂದ, ಅಂತಾರಾಷ್ಟ್ರೀಯ ಹಣಕಾಸು ಸೇವಾ ಕೇಂದ್ರದಲ್ಲಿ ಘಟಕವಿರುವ ಭಾರತೀಯ ಬ್ಯಾಂಕುಗಳಿಗೆ ಎನ್‌ಡಿಎಫ್ ಮಾರುಕಟ್ಟೆಯಲ್ಲಿ ಭಾಗವಹಿಸಲು ಅನುಮತಿ ಸಿಕ್ಕಿತು.

ಅದರ ಪರಿಣಾಮ ಹೇಗೆಂದು ನಮ್ಮ ಅಂಕಿಗಳಲ್ಲೇ ನೋಡಬಹುದು. ಎರಡೂ ಕಡೆ ಪ್ರವೇಶವಿರುವ ಬ್ಯಾಂಕು ಒಳಗಡೆ 83.81ಕ್ಕೆ ಫಾರ್ವರ್ಡ್‌ನಲ್ಲಿ ಡಾಲರ್ ಕೊಂಡು, ಹೊರಗಡೆ 84.00ಕ್ಕೆ ಎನ್‌ಡಿಎಫ್‌ನಲ್ಲಿ ಮಾರುತ್ತದೆ. ಇಂಥ ಬ್ಯಾಂಕುಗಳು ಹೆಚ್ಚಾದಷ್ಟೂ ಒಳಗಿನ ದರ ಮೇಲೇರಿ, ಹೊರಗಿನದು ಇಳಿದು 19 ಪೈಸೆಯ ಅಂತರ ಸಣ್ಣದಾಗುತ್ತದೆ. ಆದರೆ ಫಿಕ್ಸಿಂಗ್ ದಿನ ಈ ಬ್ಯಾಂಕಿಗೆ ಏನಾಗುತ್ತದೆ ಗಮನಿಸಿ. ಹೊರಗಿನ ಒಪ್ಪಂದ ಒಂದು ಅಂಕಿಯ ಮೇಲೆ ಕರಗಿಹೋಗುತ್ತದೆ, ಒಳಗಿನ ಒಪ್ಪಂದದಲ್ಲಿ ನಿಜವಾದ ಡಾಲರ್ ಬರುವುದಿದೆ. ಆ ಡಾಲರನ್ನು ಅದು ಅದೇ ದಿನ, ಅದೇ ಗಂಟೆಯಲ್ಲಿ, ಫಿಕ್ಸಿಂಗ್‌ಗೆ ಆದಷ್ಟು ಹತ್ತಿರದ ದರದಲ್ಲಿ ಮಾರಿಬಿಡಬೇಕು, ಇಲ್ಲದಿದ್ದರೆ ಅದರ ಬಳಿ ರಕ್ಷಣೆಯಿಲ್ಲದ ಡಾಲರ್ ಉಳಿಯುತ್ತದೆ. ದೊಡ್ಡ ಮೊತ್ತದ ಎನ್‌ಡಿಎಫ್‌ಗಳು ಮುಗಿಯುವ ದಿನಗಳಲ್ಲಿ ಮುಂಬೈ ಮಾರುಕಟ್ಟೆಯಲ್ಲಿ ಆ ಒಂದು ಗಂಟೆಯ ಹೊತ್ತಿಗೆ ಡಾಲರಿನ ಕೊಳ್ಳುವಿಕೆಯೋ ಮಾರಾಟವೋ ಹೆಚ್ಚಾಗುವುದು ಇದೇ ಕಾರಣಕ್ಕೆ. ರೂಪಾಯಿ ಗಡಿ ದಾಟದಿದ್ದರೂ ಒಪ್ಪಂದದ ಒತ್ತಡ ಹೀಗೆ ಗಡಿ ದಾಟಿ ಒಳಗೆ ಬರುತ್ತದೆ.

ಸಂದಾಯ ಡಾಲರಿನಲ್ಲೇ ಏಕೆ ಎಂಬುದಕ್ಕೂ ಇಲ್ಲಿ ಒಂದು ಅಡ್ಡಮಾತು. ನಾನ್-ಡೆಲಿವರಬಲ್ ಎಂದ ಮಾತ್ರಕ್ಕೆ ಡಾಲರೇ ಆಗಬೇಕೆಂಬ ನಿಯಮವಿಲ್ಲ. 1983ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾ ತನ್ನ ಡಾಲರನ್ನು ಮಾರುಕಟ್ಟೆಗೆ ಬಿಡುವ ಮೊದಲು ಅಲ್ಲಿ ದೇಶದೊಳಗೇ ಇಂಥ ಒಂದು ಮಾರುಕಟ್ಟೆ ಇತ್ತು, ಅದರ ವ್ಯತ್ಯಾಸಗಳು ಸಂದಾಯವಾಗುತ್ತಿದ್ದುದು ಆಸ್ಟ್ರೇಲಿಯಾದ ಡಾಲರಿನಲ್ಲಿ. ಇಂಡೋನೇಷ್ಯಾ 2018ರ ನವೆಂಬರ್‌ನಲ್ಲಿ ರುಪಯಾದಲ್ಲಿ ಸಂದಾಯವಾಗುವ ದೇಶೀಯ ಎನ್‌ಡಿಎಫ್ ಆರಂಭಿಸಿತು. ಅದರಲ್ಲಿ ಕೇಂದ್ರೀಯ ಬ್ಯಾಂಕು ಡಾಲರ್ ಮಾರಿದರೂ ಅದರ ಡಾಲರ್ ಸಂಗ್ರಹ ಕರಗುವುದಿಲ್ಲ, ನಷ್ಟವಾದರೆ ರುಪಯಾದಲ್ಲಿ ಕೊಟ್ಟರಾಯಿತು. ಹೊರಗಿನ ಎರಡು ಪಕ್ಷಗಳಿಗೆ ಮಾತ್ರ ಆ ಆಯ್ಕೆ ಇಲ್ಲ. ಇಬ್ಬರಿಗೂ ಸಲೀಸಾಗಿ ಖಾತೆಯಿರುವ ಹಣ ಡಾಲರ್, ಆದ್ದರಿಂದ ಡಾಲರ್.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ನಿಮಗೆ ಹೊಳೆದಿರಬೇಕು: ಒಪ್ಪಂದದ ಭಾರವೆಲ್ಲ ನಿಂತಿರುವುದು ಪ್ರಕಟವಾಗುವ ಒಂದೇ ಒಂದು ಅಂಕಿಯ ಮೇಲೆ. ಆ ಅಂಕಿ ಕೆಡಬಹುದು, ಬಾರದೇ ಹೋಗಬಹುದು, ಅಥವಾ ಬಂದರೂ ನಿಜವನ್ನು ಹೇಳದಿರಬಹುದು. ಮೂರೂ ನಡೆದಿವೆ.

ಕೆಡುವ ಸಂಗತಿ ಮೊದಲು. ಕೆಲವು ಏಷ್ಯಾ ಕರೆನ್ಸಿಗಳ ಎನ್‌ಡಿಎಫ್ ಫಿಕ್ಸಿಂಗ್ ಒಂದು ಕಾಲದಲ್ಲಿ ಸಿಂಗಪುರದಲ್ಲಿ ಬ್ಯಾಂಕುಗಳನ್ನು ಕೇಳಿ, ಅವು ಹೇಳಿದ ದರಗಳಿಂದ ತಯಾರಾಗುತ್ತಿತ್ತು. ಹೇಳುವ ಬ್ಯಾಂಕುಗಳಿಗೂ ಅದೇ ಫಿಕ್ಸಿಂಗ್‌ನಲ್ಲಿ ಲಾಭನಷ್ಟವಿತ್ತು. 2013ರ ಜೂನ್‌ನಲ್ಲಿ ಸಿಂಗಪುರದ ಹಣಕಾಸು ಪ್ರಾಧಿಕಾರವು ಬಡ್ಡಿದರ ಮತ್ತು ವಿನಿಮಯ ದರದ ಬೆಂಚ್‌ಮಾರ್ಕ್‌ಗಳ ಮೇಲೆ ಪ್ರಭಾವ ಬೀರುವ ಪ್ರಯತ್ನಗಳ ಬಗ್ಗೆ 20 ಬ್ಯಾಂಕುಗಳ ಮೇಲೆ ಕ್ರಮ ಕೈಗೊಂಡಿತು. ಆ ಪ್ರಯತ್ನಗಳಲ್ಲಿ 133 ವ್ಯಾಪಾರಿಗಳ ಹೆಸರು ಬಂದಿತ್ತು. ಅದೇ ವರ್ಷ ಇಂಡೋನೇಷ್ಯಾದ ಕೇಂದ್ರೀಯ ಬ್ಯಾಂಕು ಜಕಾರ್ತಾದಲ್ಲಿ ನಿಜವಾಗಿ ನಡೆದ ವ್ಯವಹಾರಗಳಿಂದ ಲೆಕ್ಕ ಹಾಕುವ ಜಿಸ್ಡಾರ್ ಎಂಬ ದರವನ್ನು ಆರಂಭಿಸಿತು, ಮರುವರ್ಷ ರುಪಯಾ ಎನ್‌ಡಿಎಫ್‌ಗಳು ಅದರ ಕಡೆಗೆ ಸರಿದವು. ಅಭಿಪ್ರಾಯದ ದರದಿಂದ ವ್ಯವಹಾರದ ದರಕ್ಕೆ ಬಂದ ಈ ಬದಲಾವಣೆ ಎನ್‌ಡಿಎಫ್ ಇತಿಹಾಸದ ಬಹುಮುಖ್ಯ ಸುಧಾರಣೆ ಎಂದು ನನ್ನ ಅಭಿಪ್ರಾಯ.

ಅಂಕಿ ಬಾರದೇ ಹೋದ ಉದಾಹರಣೆ ಹತ್ತಿರದ್ದೇ ಇದೆ. 2024ರ ಜನವರಿ 22, ಸೋಮವಾರ. ಅಯೋಧ್ಯೆಯ ಪ್ರಾಣಪ್ರತಿಷ್ಠೆಯ ದಿನವೆಂದು ಮಹಾರಾಷ್ಟ್ರ ಸರ್ಕಾರ ಸಾರ್ವಜನಿಕ ರಜೆ ಘೋಷಿಸಿತು, ವಿದೇಶಿ ವಿನಿಮಯ ಮಾರುಕಟ್ಟೆಗೂ ಅಂದು ರಜೆ ಎಂದು ರಿಸರ್ವ್ ಬ್ಯಾಂಕ್ ತಿಳಿಸಿದ್ದು ಅದರ ಹಿಂದಿನ ಶುಕ್ರವಾರ. ಮೂರು ತಿಂಗಳ ಹಿಂದೆ 22ನೇ ತಾರೀಖಿಗೆ ಫಿಕ್ಸಿಂಗ್ ಬರೆದುಕೊಂಡಿದ್ದವರಿಗೆ ಆ ದಿನ ರಜೆಯಾಗುತ್ತದೆ ಎಂದು ತಿಳಿಯಲು ದಾರಿಯೇ ಇರಲಿಲ್ಲ. ಇಂಥದ್ದಕ್ಕಾಗಿಯೇ ಎನ್‌ಡಿಎಫ್‌ಗಳಿಗೆ ಮಾದರಿ ಷರತ್ತುಗಳಿವೆ. ಅವನ್ನು ರೂಪಿಸುವುದು ನ್ಯೂಯಾರ್ಕಿನ ಎಂಟಾ ಎಂಬ ವ್ಯಾಪಾರ ಸಂಘ. ಮೊದಲೇ ತಿಳಿಯದ ರಜೆ ಬಂದರೆ ಫಿಕ್ಸಿಂಗ್ ಮುಂದಿನ ವ್ಯವಹಾರ ದಿನಕ್ಕೆ ಹೋಗುತ್ತದೆ, ರೂಪಾಯಿಯ ವಿಷಯದಲ್ಲಿ ಹೀಗೆ ಕಾಯಬಹುದಾದ ಗರಿಷ್ಠ ಅವಧಿ 14 ದಿನ. ಆಗಲೂ ದರ ಬಾರದಿದ್ದರೆ ಸಿಂಗಪುರದಲ್ಲಿ ಬ್ಯಾಂಕುಗಳನ್ನು ಕೇಳಿ ದರ ತೆಗೆಯುತ್ತಾರೆ, ಅದೂ ಆಗದಿದ್ದರೆ ಒಪ್ಪಂದದಲ್ಲಿ ಹೆಸರಿಸಿದ ಲೆಕ್ಕಪಾಲಕ ಪಕ್ಷ ಸದ್ಭಾವದಿಂದ ನಿರ್ಧರಿಸುತ್ತದೆ.

ಜನವರಿ 22ರ ಮಟ್ಟಿಗೆ ಮೊದಲ ಮೆಟ್ಟಿಲೇ ಸಾಕಾಯಿತು, ಮಾರುಕಟ್ಟೆ 23ಕ್ಕೆ ತೆರೆಯಿತು. ಆದರೂ ಒಂದು ತೊಡಕು ಉಳಿಯುತ್ತದೆ. 22ರ ಫಿಕ್ಸಿಂಗ್‌ಗೆ ಡಾಲರ್ ಕೊಂಡು 23ರ ಫಿಕ್ಸಿಂಗ್‌ಗೆ ಮಾರಿದವರಿದ್ದರೆ, ಎರಡು ಒಪ್ಪಂದಗಳಿಗೂ ಒಂದೇ ದರ ಅಂಟುತ್ತದೆ. ಒಂದು ದಿನದ ವ್ಯತ್ಯಾಸದ ಮೇಲೆ ಅವರು ಕಟ್ಟಿದ್ದ ಲೆಕ್ಕ ಇಲ್ಲವಾಗುತ್ತದೆ. ಹೆಡ್ಜ್ ಮಾಡಿಕೊಂಡವರು ಕೂಡ ತಮ್ಮ ರೂಪಾಯಿಯ ಪರಿವರ್ತನೆಯನ್ನು ಅದೇ ದಿನಕ್ಕೆ ಸರಿಸಿದ್ದಾರೆಯೇ ಎಂದು ನೋಡಿಕೊಳ್ಳಬೇಕು. ಹಣ ಮೊದಲೇ ಪರಿವರ್ತನೆಯಾಗಿಬಿಟ್ಟಿದ್ದರೆ, ಎನ್‌ಡಿಎಫ್ ಆ ಒಂದು ದಿನದ ಮಟ್ಟಿಗೆ ರಕ್ಷಣೆಯಾಗಿರದೆ ಬರಿಯ ಪಂಥವಾಗಿರುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಠಿಣ. ಅರ್ಜೆಂಟೀನಾ 2019ರ ಸೆಪ್ಟೆಂಬರ್‌ನಲ್ಲಿ ವಿದೇಶಿ ವಿನಿಮಯದ ನಿರ್ಬಂಧಗಳನ್ನು ಮತ್ತೆ ತಂದಿತು. ಅಧಿಕೃತ ದರ ಒಂದು ಕಡೆ, ದೇಶದಿಂದ ಹಣ ಹೊರತೆಗೆಯಬೇಕಾದವರು ನಿಜವಾಗಿ ತೆರುತ್ತಿದ್ದ ದರ ಇನ್ನೊಂದು ಕಡೆ, ನಡುವೆ ದೊಡ್ಡ ಕಂದಕ. ಪೆಸೋದ ಎನ್‌ಡಿಎಫ್ ಸಂದಾಯವಾಗುತ್ತಿದ್ದುದು ಅಧಿಕೃತ ದರದ ಮೇಲೆ. ಅಧಿಕೃತ ದರ ನಿಧಾನವಾಗಿ ಜಾರುತ್ತಿದ್ದಷ್ಟು ಕಾಲ, ಸಮಾನಾಂತರ ದರದಲ್ಲಿ ಹೊರಬರಬೇಕಾದವರ ನಷ್ಟಕ್ಕೆ ಎನ್‌ಡಿಎಫ್‌ನಿಂದ ಹೆಚ್ಚಿನ ಪರಿಹಾರ ಸಿಗಲಿಲ್ಲ. 2023ರ ಡಿಸೆಂಬರ್‌ನಲ್ಲಿ ಹೊಸ ಸರ್ಕಾರ ಅಧಿಕೃತ ದರವನ್ನು ಡಾಲರಿಗೆ 366 ಪೆಸೋದಿಂದ ಒಮ್ಮೆಲೇ 800ಕ್ಕೆ ಒಯ್ದಾಗ, ಅದಕ್ಕಿಂತ ಮೊದಲು ಫಿಕ್ಸಿಂಗ್ ಮುಗಿದಿದ್ದ ಒಪ್ಪಂದಕ್ಕೂ ಆಮೇಲೆ ಫಿಕ್ಸಿಂಗ್ ಬಂದ ಒಪ್ಪಂದಕ್ಕೂ ಅಜಗಜಾಂತರವಾಯಿತು.

ನಮ್ಮ ನಿಧಿಯನ್ನು ಇಂಥ ಸ್ಥಿತಿಯಲ್ಲಿ ಒಮ್ಮೆ ಇಟ್ಟು ನೋಡಿ. ಬಾಂಡಿನ ಹಣ ಸ್ಥಳೀಯ ಕರೆನ್ಸಿಯಲ್ಲಿ ಬಂದಿದೆ, ಆದರೆ ಅದನ್ನು ಹೊರಗೆ ತರಲು ಅನುಮತಿ ಸಿಗುತ್ತಿಲ್ಲ. ಇತ್ತ ಅಧಿಕೃತ ದರ ಗೊತ್ತುಮಾಡಿಕೊಂಡ ದರಕ್ಕಿಂತ ಕೆಳಗೆ ಫಿಕ್ಸ್ ಆಗಿರುವುದರಿಂದ ಎನ್‌ಡಿಎಫ್‌ನಲ್ಲಿ ನಿಧಿಯೇ ಡಾಲರ್ ಕೊಡಬೇಕಾಗಿದೆ. ಸ್ಥಳೀಯ ಹಣ ಸಿಕ್ಕಿಹಾಕಿಕೊಂಡಿದೆ ಎಂಬುದು ಸಂದಾಯವನ್ನು ನಿಲ್ಲಿಸುವುದಿಲ್ಲ, ಏಕೆಂದರೆ ಆ ಒಪ್ಪಂದದಲ್ಲಿ ಸ್ಥಳೀಯ ಹಣಕ್ಕೆ ಯಾವ ಪಾತ್ರವೂ ಇರಲಿಲ್ಲ. ಹಣ ಹೊರತರುವ ಹಕ್ಕಿಗೆ ರಕ್ಷಣೆ ಬೇಕಿದ್ದವರು ಅದನ್ನು ರಾಜಕೀಯ ಅಪಾಯದ ವಿಮೆಯಂಥ ಬೇರೆ ಒಪ್ಪಂದದಲ್ಲಿ ಕೊಳ್ಳಬೇಕಿತ್ತು. ಎನ್‌ಡಿಎಫ್‌ಗೆ ಕೊಡಬೇಕಾದ ಡಾಲರನ್ನಂತೂ ನಿಧಿ ಎರಡು ದಿನಗಳೊಳಗೆ ಬೇರೆ ಕಡೆಯಿಂದ ಹೊಂದಿಸಲೇಬೇಕು.